ಒಂದು ಫ್ಲ್ಯಾಟ್, ಎಂಟು ಎಂಸಿಬಿ, ಎರಡು ನ್ಯೂಟ್ರಲ್

ಬೇಸಿಗೆ ರಜೆಯಲ್ಲಿ ನಾನು ನನ್ನ ಮಾಮನ ಜೊತೆ ವೈರಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಮಾಮ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ನನ್ನ ಕೆಲಸ ವೈರ್ ಎಳೆಯುವುದು, ಸಿಪ್ಪೆ ಸುಲಿಯುವುದು, ಏಣಿ ಹಿಡಿಯುವುದು, ಚಹಾ ತರುವುದು. ಸಪ್ಲೈ ಇರುವಾಗ ಬೋರ್ಡಿಗೆ ಕೈ ಹಾಕುವಂತಿಲ್ಲ ಎಂಬುದು ಮೊದಲ ದಿನವೇ ಆದ ಕರಾರು. ಆ ರಜೆಯಲ್ಲಿ ನಾವು ಮಂಗಳೂರಿನ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಒಂದಕ್ಕೆ ಹೊಸ ಡಿಸ್ಟ್ರಿಬ್ಯೂಷನ್ ಬೋರ್ಡ್ ಹಾಕಿದೆವು. ಬಾಯಿಮಾತಿನಲ್ಲಿ ಎಲ್ಲರೂ ಅದನ್ನು ಡಿಬಿ ಎನ್ನುತ್ತಾರೆ. ಅಲ್ಲಿ ಕಲಿತದ್ದನ್ನೂ, ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಆ ಮನೆಯವರು ನಮ್ಮನ್ನು ಕರೆಸಿದ್ದು ಸ್ನಾನದ ಮನೆಯ ಗೋಡೆಯಿಂದ ಸುಟ್ಟ ವಾಸನೆ ಬರುತ್ತಿದೆ ಎಂದು. ಬೆಳಿಗ್ಗೆ ಗೀಸರ್ ಹಾಕಿ ಅರ್ಧ ಗಂಟೆಯಾದರೆ ಸಾಕು, ಸ್ವಿಚ್ ಬೋರ್ಡಿನ ಹತ್ತಿರ ವಾಸನೆ ಶುರು. ಹಳೆಯ ಡಿಬಿ ತೆರೆದರೆ ಒಳಗೆ ಇದ್ದದ್ದು ಎರಡೇ ಎಂಸಿಬಿ. ಒಂದಕ್ಕೆ ಮನೆಯ ಲೈಟು, ಫ್ಯಾನು ಎಲ್ಲ. ಇನ್ನೊಂದಕ್ಕೆ ಗೀಸರ್, ಅಡುಗೆಮನೆ, ವಾಷಿಂಗ್ ಮಷಿನ್ ಎಲ್ಲ. ಆರ್‌ಸಿಸಿಬಿ ಇರಲೇ ಇಲ್ಲ. ಎರಡನೆಯ ಎಂಸಿಬಿಯ ಮೇಲೆ C32 ಎಂದಿತ್ತು, ಅಂದರೆ 32 ಆಂಪಿಯರ್. ಅದರಿಂದ ಹೊರಟ ವೈರ್ ನೋಡಿದರೆ 1.5 ಚದರ ಮಿಲಿಮೀಟರಿನದ್ದು. ಮನೆಯ ಯಜಮಾನರು ಹೇಳಿದ್ದು ಇಷ್ಟು: ಮೊದಲು ಚಿಕ್ಕ ಎಂಸಿಬಿ ಇತ್ತು, ಗೀಸರ್ ಮತ್ತು ಮಿಕ್ಸಿ ಒಟ್ಟಿಗೆ ಹಾಕಿದರೆ ಬೀಳುತ್ತಿತ್ತು, ಯಾರೋ ಬಂದು ದೊಡ್ಡದು ಹಾಕಿ ಕೊಟ್ಟರು, ಆಮೇಲೆ ಬೀಳಲಿಲ್ಲ.

ಬೀಳಲಿಲ್ಲ, ನಿಜ. ಪೈಪಿನಿಂದ ಆ ವೈರನ್ನು ಎಳೆದಾಗ ಕೆಂಪು ಇನ್ಸುಲೇಷನ್ ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಮಡಚಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಕೆಲವು ಕಡೆ ತಾಮ್ರ ಹೊರಗೆ ಕಾಣುತ್ತಿತ್ತು. ಆ ಪೈಪು ಒದ್ದೆ ಗೋಡೆಯೊಳಗೆ ಹೋಗಿತ್ತು.

ಎಂಸಿಬಿ ಯಾರನ್ನು ಕಾಯುತ್ತದೆ?

"ಎಂಸಿಬಿ ಗೀಸರನ್ನು ಕಾಯುವುದಲ್ಲ ಮೋನೇ, ವೈರನ್ನು ಕಾಯುವುದು" ಎಂದರು ಮಾಮ. ಡಿಬಿಯ ಇಡೀ ಲೆಕ್ಕ ಈ ಮಾತಿನ ಮೇಲೆ ನಿಂತಿದೆ. ಉಪಕರಣ ಎಳೆಯುವ ಕರೆಂಟಿಗಿಂತ ಎಂಸಿಬಿಯ ರೇಟಿಂಗ್ ಹೆಚ್ಚಿರಬೇಕು. ಆ ರೇಟಿಂಗಿಗಿಂತ ವೈರಿನ ಸಾಮರ್ಥ್ಯ ಹೆಚ್ಚಿರಬೇಕು. ಈ ಕ್ರಮ ತಪ್ಪಿದರೆ ಮೊದಲು ಸೋಲುವುದು ಗೋಡೆಯೊಳಗಿನ ವೈರು.

ಲೆಕ್ಕ ಹಾಕಿ ನೋಡೋಣ. ಪೈಪಿನೊಳಗೆ ಹೋಗುವ 1.5 ಚದರ ಮಿ.ಮೀ. ತಾಮ್ರದ ಪಿವಿಸಿ ವೈರ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 17.5 ಆಂಪಿಯರ್ ಹೊರುತ್ತದೆ. ನಮ್ಮ ಕರಾವಳಿಯ ಬೇಸಿಗೆಗೆ 40 ಡಿಗ್ರಿ ಎಂದು ಹಿಡಿದರೆ ಅದು 15ಕ್ಕೆ ಇಳಿಯುತ್ತದೆ. ಎಂಸಿಬಿಯ ವಿಷಯಕ್ಕೆ ಬಂದರೆ, 32 ಎಂದು ಬರೆದಿದೆ ಎಂದ ಮಾತ್ರಕ್ಕೆ ಅದು 32 ದಾಟಿದ ಕೂಡಲೇ ಬೀಳುವುದಿಲ್ಲ. ಮಾನದಂಡದ ಪ್ರಕಾರ ರೇಟಿಂಗಿನ 1.13 ಪಟ್ಟು ಕರೆಂಟನ್ನು ಅದು ಒಂದು ಗಂಟೆ ಕಾಲ ಬೀಳದೆ ತಡೆದುಕೊಳ್ಳಬೇಕು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. 32ರ 1.13 ಪಟ್ಟು ಎಂದರೆ 36 ಆಂಪಿಯರ್. 15 ಹೊರುವ ವೈರಿನಲ್ಲಿ ಗಂಟೆಗಟ್ಟಲೆ 36 ಹರಿದರೂ ಆ ಎಂಸಿಬಿ ಸುಮ್ಮನೆ ಕೂತಿರುತ್ತದೆ. ಶಾಖ ಕರೆಂಟಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ ಎಂದು ನಾವು ತರಗತಿಯಲ್ಲಿ ಓದಿದ್ದೇವೆ. 36ನ್ನು 15ರಿಂದ ಭಾಗಿಸಿ ವರ್ಗ ಮಾಡಿದರೆ 5.76. ವೈರ್ ತಡೆಯಬಲ್ಲ ಶಾಖದ ಸುಮಾರು ಆರು ಪಟ್ಟು.

ಅದೇ ವೈರಿಗೆ 10 ಆಂಪಿಯರಿನ ಎಂಸಿಬಿ ಹಾಕಿದ್ದರೆ? 1.45 ಪಟ್ಟು ಎಂದರೆ 14.5. ವೈರಿನ ಮಿತಿ ತಲುಪುವ ಮುಂಚೆಯೇ ಎಂಸಿಬಿ ಬೀಳುತ್ತದೆ. ಹಾಗಾಗಿ ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ಅದನ್ನು ದೊಡ್ಡದು ಮಾಡಬಾರದು. ಹೊರೆಯನ್ನು ಬೇರೆ ಸರ್ಕ್ಯೂಟಿಗೆ ಹಂಚಬೇಕು, ಇಲ್ಲವೇ ವೈರನ್ನೇ ದಪ್ಪದ್ದಕ್ಕೆ ಬದಲಿಸಬೇಕು.

ಇನ್ನೊಂದು ಸಂಗತಿ ನನಗೆ ಗೊತ್ತಿರಲಿಲ್ಲ. ಒಂದೇ ಪೈಪಿನಲ್ಲಿ ಎಷ್ಟು ಸರ್ಕ್ಯೂಟಿನ ವೈರುಗಳು ಹೋಗುತ್ತವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಒಂದರ ಬಿಸಿ ಇನ್ನೊಂದಕ್ಕೆ ತಾಗುತ್ತದೆ. 2.5 ಚದರ ಮಿ.ಮೀ. ವೈರ್ 40 ಡಿಗ್ರಿಯಲ್ಲಿ ಒಂಟಿಯಾಗಿ ಹೋದರೆ ಸುಮಾರು 21 ಆಂಪಿಯರ್. ಮೂರು ಸರ್ಕ್ಯೂಟ್ ಒಂದೇ ಪೈಪಿನಲ್ಲಿ ತುರುಕಿ ಮೂರೂ ಪೂರ್ತಿ ಹೊರೆಯಲ್ಲಿದ್ದರೆ ಅದರ ಶೇಕಡಾ 70 ಮಾತ್ರ, ಅಂದರೆ 15ಕ್ಕಿಂತ ಕಡಿಮೆ. ಆಗ 16ರ ಎಂಸಿಬಿ ಆ ವೈರನ್ನು ಕಾಯಲಾರದು. ಮಾಮ ಭಾರೀ ಲೋಡಿನ ಪ್ರತಿ ಸರ್ಕ್ಯೂಟಿಗೂ ಬೇರೆಯದೇ ಪೈಪು ಹಾಕಿಸಿದರು. ಗೋಡೆ ಕೊರೆಯುವ ಖರ್ಚು ಹೆಚ್ಚಾಯಿತೆಂದು ಯಜಮಾನರು ಸ್ವಲ್ಪ ಗೊಣಗಿದರು. ಮಾಮ ಆ ಹಪ್ಪಳದಂಥ ವೈರಿನ ತುಂಡನ್ನು ಅವರ ಕೈಗೆ ಕೊಟ್ಟರು, ಅಷ್ಟೆ.

ಹೊರೆಯ ಪಟ್ಟಿ

ಡಿಬಿ ಕೊಳ್ಳುವ ಮೊದಲು ಮಾಮ ಒಂದು ಹಾಳೆ ತೆಗೆದು ಮನೆಯಲ್ಲಿ ಏನೇನಿದೆ ಎಂದು ಬರೆಸಿದರು. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಗೀಸರ್ 2000 ವ್ಯಾಟ್, 8.7 ಆಂಪಿಯರ್. ಇಂಡಕ್ಷನ್ ಸ್ಟವ್ ಕೂಡ ಅಷ್ಟೇ. ಬಿಸಿ ನೀರಿನಲ್ಲಿ ಒಗೆಯುವ ವಾಷಿಂಗ್ ಮಷಿನ್, ಹೀಟರ್ ಓಡುವಾಗ ಮತ್ತೆ 2000. ಒಂದೂವರೆ ಟನ್ನಿನ ಎಸಿ ಸುಮಾರು 1600. ಮೈಕ್ರೋವೇವ್ 1200, ಇಸ್ತ್ರಿ ಪೆಟ್ಟಿಗೆ 1000, ಮಿಕ್ಸಿ 750, ಫ್ರಿಜ್ 150. ಲೈಟು, ಫ್ಯಾನುಗಳೆಲ್ಲ ಸೇರಿ 500 ದಾಟಲಿಲ್ಲ. ಎಲ್‌ಇಡಿ ಬಂದ ಮೇಲೆ ಲೈಟಿನ ಹೊರೆ ಅಷ್ಟೊಂದು ಇಳಿದಿದೆ.

ಎಲ್ಲ ಕೂಡಿಸಿದರೆ 11 ಕಿಲೋವ್ಯಾಟ್ ದಾಟುತ್ತದೆ. ಮನೆಗೆ ಮಂಜೂರಾಗಿರುವ ಲೋಡ್ ಸಿಂಗಲ್ ಫೇಸಿನಲ್ಲಿ 5 ಕಿಲೋವ್ಯಾಟ್, ಸುಮಾರು 21.7 ಆಂಪಿಯರ್. ನಾನು ಗಾಬರಿಯಾದೆ. ಮಾಮ ನಕ್ಕರು. ಯಾವ ಮನೆಯಲ್ಲೂ ಎಲ್ಲ ಒಟ್ಟಿಗೆ ಓಡುವುದಿಲ್ಲ. ದಿನದ ಅತಿ ಗಡಿಬಿಡಿಯ ಹೊತ್ತು ಯಾವುದು ಎಂದು ನೋಡಬೇಕು. ಆ ಮನೆಗೆ ಅದು ಬೆಳಗಿನ ಏಳು ಗಂಟೆ. ಗೀಸರ್, ಇಂಡಕ್ಷನ್, ಮಿಕ್ಸಿ, ಫ್ರಿಜ್, ಒಂದಿಷ್ಟು ಲೈಟು ಸೇರಿ 5200 ವ್ಯಾಟ್, 22.6 ಆಂಪಿಯರ್, ಅದೂ ಕೆಲವೇ ನಿಮಿಷ. ಆ ಹೊತ್ತಿಗೆ ವಾಷಿಂಗ್ ಮಷಿನ್ ಕೂಡ ಹಾಕಿದರೆ 31 ಆಂಪಿಯರ್ ಆಗುತ್ತದೆ. ಅದನ್ನು ಹಾಕಬೇಡಿ ಎಂದು ಮನೆಯ ಉಮ್ಮನಿಗೆ ಮಾಮ ಹೇಳಿದರು. ಬಟ್ಟೆ ಮಧ್ಯಾಹ್ನ ಒಗೆದರಾಯಿತು ಎಂದರು ಅವರು. ಇನ್ನೊಂದು ಎಸಿ ಬೇಕೆಂದಾದರೆ ವಿದ್ಯುತ್ ಕಂಪನಿಗೆ ಅರ್ಜಿ ಹಾಕಿ ಮಂಜೂರಾದ ಲೋಡನ್ನೇ ಹೆಚ್ಚಿಸಿಕೊಳ್ಳಬೇಕು. ಅದು ಡಿಬಿಯೊಳಗೆ ಬಗೆಹರಿಯುವ ವಿಷಯವಲ್ಲ.

ಮೇನ್ ಸ್ವಿಚ್ಚಾಗಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ 32 ಆಂಪಿಯರಿನ ಡಬಲ್ ಪೋಲ್ ಎಂಸಿಬಿ. ಮೀಟರಿನಿಂದ ಅಲ್ಲಿಗೆ 6 ಚದರ ಮಿ.ಮೀ. ವೈರು.

ಯಾವುದು ಯಾವುದರ ಜೊತೆ?

ಸರ್ಕ್ಯೂಟುಗಳನ್ನು ಲೈಟಿಗೆ ಬೇರೆ, ಪ್ಲಗ್ ಪಾಯಿಂಟಿಗೆ ಬೇರೆ, ಭಾರೀ ಲೋಡಿಗೆ ಬೇರೆ ಎಂದು ವಿಂಗಡಿಸುವುದು ಸುಲಭ. ತಲೆ ಓಡಿಸಬೇಕಾದದ್ದು ಅವನ್ನು ಆರ್‌ಸಿಸಿಬಿಗಳ ಕೆಳಗೆ ಹಂಚುವಾಗ.

ಆರ್‌ಸಿಸಿಬಿ ಎಂದರೇನು ಎಂದು ಎರಡು ಮಾತು. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ವಾಪಸು ಬರಬೇಕು. ಅದರೊಳಗೆ ಒಂದು ಕಬ್ಬಿಣದ ಉಂಗುರದ ಮೂಲಕ ಎರಡೂ ಹಾದುಹೋಗುತ್ತವೆ. ಎರಡೂ ಸಮ ಮತ್ತು ವಿರುದ್ಧವಾದ್ದರಿಂದ ಉಂಗುರದಲ್ಲಿ ಕಾಂತಕ್ಷೇತ್ರ ಉಳಿಯುವುದಿಲ್ಲ. ಗೀಸರಿನ ಎಲಿಮೆಂಟ್ ಸೋರಿ, ಅಥವಾ ಯಾರಿಗೋ ಶಾಕ್ ಹೊಡೆದು, ಸ್ವಲ್ಪ ಕರೆಂಟು ಭೂಮಿಗೆ ಹೋದರೆ ವಾಪಸು ಬರುವುದು ಕಡಿಮೆಯಾಗುತ್ತದೆ. ಆ ವ್ಯತ್ಯಾಸ ಉಂಗುರಕ್ಕೆ ಸುತ್ತಿದ ಮೂರನೆಯ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟಿಸಿ ಸ್ವಿಚ್ಚನ್ನು ಬೀಳಿಸುತ್ತದೆ. ಮನೆಗೆ ಹಾಕುವುದು 30 ಮಿಲಿಆಂಪಿಯರಿನದ್ದು. ಅದು 15ರಿಂದ 30ರ ನಡುವೆ ಎಲ್ಲೋ ಬೀಳುತ್ತದೆ. ಆದರೆ ಅದು ಓವರ್‌ಲೋಡಿಗೆ ಬೀಳುವುದಿಲ್ಲ, ಆ ಕೆಲಸ ಎಂಸಿಬಿಯದ್ದು. ಒಬ್ಬ ಮನುಷ್ಯ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ಕರೆಂಟು ಭೂಮಿಗೆ ಹೋಗದೆ ಅವನ ಮೂಲಕವೇ ಹರಿದರೆ ಆರ್‌ಸಿಸಿಬಿಗೆ ಅವನೂ ಒಂದು ಬಲ್ಬಿನ ಹಾಗೆಯೇ ಕಾಣುತ್ತಾನೆ.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಹಾಕುವುದು ಅಗ್ಗ, ಹೆಚ್ಚಿನ ಮನೆಗಳಲ್ಲಿ ಹಾಗೆಯೇ ಇದೆ. ತೊಂದರೆ ತಿಳಿಯುವುದು ಮಳೆಗಾಲದಲ್ಲಿ. ಗೀಸರ್ ಸೋರಿತು ಎಂದಿಟ್ಟುಕೊಳ್ಳಿ. ಆರ್‌ಸಿಸಿಬಿ ಬಿದ್ದು ಇಡೀ ಮನೆ ಕತ್ತಲು, ಒದ್ದೆ ನೆಲದ ಬಾತ್‌ರೂಮಿನಲ್ಲಿ ಇದ್ದವರು ಗೋಡೆ ತಡಕುತ್ತಾ ಹೊರಗೆ ಬರಬೇಕು. ಮನೆಯವರು ಊರಿಗೆ ಹೋಗಿದ್ದಾಗ ಬಿದ್ದರೆ ಫ್ರಿಜ್ಜಿನ ಮೀನೆಲ್ಲ ಹಾಳು. ಅದೂ ಅಲ್ಲದೆ ಪ್ರತಿ ಎಲೆಕ್ಟ್ರಾನಿಕ್ ಉಪಕರಣವೂ ಸರಿಯಿದ್ದಾಗಲೂ ಚೂರು ಚೂರು ಸೋರುತ್ತದೆ. ಎಲ್ಲ ಒಂದೇ ಆರ್‌ಸಿಸಿಬಿಯ ಕೆಳಗೆ ಕೂಡಿದರೆ ಯಾವ ದೋಷವೂ ಇಲ್ಲದೆ ಅದು ಬೀಳುವ ಅಂಚಿಗೆ ಬಂದಿರುತ್ತದೆ.

ಹಾಗಾಗಿ ಎರಡು ಆರ್‌ಸಿಸಿಬಿ, ಒಂದೊಂದೂ 40 ಆಂಪಿಯರ್, 30 ಮಿಲಿಆಂಪಿಯರ್. ಲೈಟುಗಳನ್ನೆಲ್ಲ ಒಂದರ ಕೆಳಗೆ, ಉಳಿದದ್ದನ್ನು ಇನ್ನೊಂದರ ಕೆಳಗೆ ಇಡೋಣ ಎಂದು ನಾನು ಹೇಳಿದೆ. ಮಾಮ ಒಪ್ಪಲಿಲ್ಲ. ಲೈಟಿನ ಪಾಯಿಂಟಿನಲ್ಲೇ ನೀರು ಇಳಿದರೆ ಮತ್ತೆ ಇಡೀ ಮನೆ ಕತ್ತಲಲ್ಲವೇ? ಅವರ ನಿಯಮ ಇದು: ಯಾವ ಕೋಣೆಯಲ್ಲಿ ತೊಂದರೆ ಕೊಡುವ ಲೋಡಿದೆಯೋ ಆ ಕೋಣೆಯ ಲೈಟು ಇನ್ನೊಂದು ಆರ್‌ಸಿಸಿಬಿಯಲ್ಲಿರಬೇಕು. ಕೊನೆಗೆ ಹಾಳೆಯಲ್ಲಿ ಹೀಗೆ ಬರೆದೆವು.

ಮೊದಲ ಆರ್‌ಸಿಸಿಬಿಯ ಕೆಳಗೆ:
1. ಅಡುಗೆಮನೆ, ಬಾತ್‌ರೂಮ್, ಪ್ಯಾಸೇಜಿನ ಲೈಟು: 6 ಆಂಪಿಯರ್, 1.5 ಚ.ಮಿ.ಮೀ.
2. ಹಾಲ್ ಮತ್ತು ಬೆಡ್‌ರೂಮಿನ ಪ್ಲಗ್ ಪಾಯಿಂಟ್: 10 ಆಂಪಿಯರ್, 2.5 ಚ.ಮಿ.ಮೀ.
3. ಫ್ರಿಜ್: 10 ಆಂಪಿಯರ್, 2.5 ಚ.ಮಿ.ಮೀ.
4. ಎಸಿ: 20 ಆಂಪಿಯರ್, 4 ಚ.ಮಿ.ಮೀ.

ಎರಡನೆಯ ಆರ್‌ಸಿಸಿಬಿಯ ಕೆಳಗೆ:
5. ಹಾಲ್ ಮತ್ತು ಬೆಡ್‌ರೂಮಿನ ಲೈಟು, ಫ್ಯಾನು: 6 ಆಂಪಿಯರ್, 1.5 ಚ.ಮಿ.ಮೀ.
6. ಗೀಸರ್: 16 ಆಂಪಿಯರ್, 2.5 ಚ.ಮಿ.ಮೀ.
7. ಅಡುಗೆಮನೆಯ ಪ್ಲಗ್ ಪಾಯಿಂಟ್: 20 ಆಂಪಿಯರ್, 4 ಚ.ಮಿ.ಮೀ.
8. ವಾಷಿಂಗ್ ಮಷಿನ್: 16 ಆಂಪಿಯರ್, 2.5 ಚ.ಮಿ.ಮೀ.

ಗೀಸರ್ ಸೋರಿ ಎರಡನೆಯದು ಬಿದ್ದರೂ ಬಾತ್‌ರೂಮಿನ ಲೈಟು ಉರಿಯುತ್ತದೆ, ಫ್ರಿಜ್ ಓಡುತ್ತದೆ. ಅಡುಗೆಮನೆಯ ಸರ್ಕ್ಯೂಟಿಗೆ 20 ಏಕೆಂದರೆ ಇಂಡಕ್ಷನ್, ಮೈಕ್ರೋವೇವ್, ಮಿಕ್ಸಿ ಒಟ್ಟಿಗೆ ಓಡಿದರೆ 17.2 ಆಂಪಿಯರ್. ಅಲ್ಲಿ 16 ಹಾಕಿದ್ದರೆ ಹೊರೆ ಎಂಸಿಬಿಯ ರೇಟಿಂಗನ್ನು ದಾಟುತ್ತಿತ್ತು. ಎಸಿ ಓಡುವಾಗ 7 ಆಂಪಿಯರ್ ಮಾತ್ರ ಎಳೆದರೂ, ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಆದ್ದರಿಂದ ಅಲ್ಲಿ C ಮಾದರಿಯ ಎಂಸಿಬಿಯೇ ಬೇಕು. ಅದು ರೇಟಿಂಗಿನ 5ರಿಂದ 10 ಪಟ್ಟಿಗೆ ಮಾತ್ರ ತಟ್ಟನೆ ಬೀಳುತ್ತದೆ. B ಮಾದರಿ 3ರಿಂದ 5 ಪಟ್ಟಿಗೇ ಬೀಳುತ್ತದೆ.

ಡಬಲ್ ಪೋಲ್ ಎಂಸಿಬಿಗೆ ಎರಡು ಜಾಗ, ಆರ್‌ಸಿಸಿಬಿಗಳಿಗೆ ನಾಲ್ಕು, ಎಂಟು ಎಂಸಿಬಿಗೆ ಎಂಟು. ಒಟ್ಟು ಹದಿನಾಲ್ಕು. ನಾವು ಹದಿನಾರು ಜಾಗದ ಪೆಟ್ಟಿಗೆ ತಂದೆವು. ಬಾಗಿಲಿನ ಪಕ್ಕ, ಎದೆಯ ಎತ್ತರಕ್ಕೆ, ನೀರು ತಾಗದ ಗೋಡೆಯಲ್ಲಿ ಕೂರಿಸಿದೆವು.

ಪೆಟ್ಟಿಗೆಯೊಳಗೆ ಅರ್ತಿಗೆ ಒಂದೇ ಬಾರು. ಎಲ್ಲ ಸರ್ಕ್ಯೂಟಿನ ಹಸಿರು ವೈರೂ ಅದಕ್ಕೇ ಬರಬೇಕು. ಅರ್ತ್ ಸರಿಯಿದ್ದರೆ ಗೀಸರಿನ ಮೈಗೆ ಕರೆಂಟು ತಾಗಿದ ಕ್ಷಣವೇ ಆರ್‌ಸಿಸಿಬಿ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವ ತನಕ ಕಾಯುತ್ತದೆ. ಆದರೆ ನ್ಯೂಟ್ರಲಿಗೆ ಎರಡು ಲಿಂಕ್, ಒಂದೊಂದು ಆರ್‌ಸಿಸಿಬಿಗೆ ಒಂದೊಂದು. ಫೇಸ್ ಯಾವ ಆರ್‌ಸಿಸಿಬಿಯಿಂದ ಹೊರಟಿತೋ ನ್ಯೂಟ್ರಲ್ ಅದೇ ಆರ್‌ಸಿಸಿಬಿಗೆ ಮರಳಬೇಕು. ಎಂಸಿಬಿಯ ಸಂಖ್ಯೆಯನ್ನೇ ಅದರ ನ್ಯೂಟ್ರಲಿನ ತುದಿಗೂ ಹಾಕಬೇಕೆಂದು ಮಾಮ ನಂಬರಿನ ಪುಟ್ಟ ಉಂಗುರಗಳನ್ನು ಕೊಟ್ಟಿದ್ದರು. ಡಿಬಿಯಲ್ಲಿ ನಾನು ಹಾಕಿದೆ. ಹಾಲಿನ ಸ್ವಿಚ್ ಬೋರ್ಡಿನಲ್ಲಿ ಹಾಕಲಿಲ್ಲ.

ಎರಡು ಕಪ್ಪು ವೈರು

ಕೆಲಸ ಮುಗಿದ ಸಂಜೆ ಮಾಮ ಮೆಗ್ಗರ್ ಹಿಡಿದು ಪರೀಕ್ಷೆ ಮಾಡಿದರು. ಫೇಸ್ ಮತ್ತು ನ್ಯೂಟ್ರಲನ್ನು ಒಟ್ಟು ಸೇರಿಸಿ, ಅದಕ್ಕೂ ಅರ್ತಿಗೂ ನಡುವೆ 500 ವೋಲ್ಟ್ ಕೊಟ್ಟು ನೋಡುವುದು. ಕನಿಷ್ಠ 1 ಮೆಗಾಓಮ್ ಇರಬೇಕು. ಹೊಸ ವೈರಾದ್ದರಿಂದ ಅದಕ್ಕಿಂತ ಎಷ್ಟೋ ಹೆಚ್ಚಿತ್ತು. ಮೇನ್ ಹಾಕಿದರು, ಆರ್‌ಸಿಸಿಬಿಗಳ ಟೆಸ್ಟ್ ಬಟನ್ ಒತ್ತಿ ನೋಡಿದರು, ಎರಡೂ ಬಿದ್ದವು, ಮತ್ತೆ ಎತ್ತಿದರು. ಎಂಸಿಬಿಗಳನ್ನು ಒಂದೊಂದಾಗಿ ಹಾಕಿದರು. ಮರುದಿನ ಮನೆಯವರು ಸಾಮಾನು ತರುವವರಿದ್ದರು.

ಹಾಲಿನ ಎಲ್‌ಇಡಿ ಹಾಕಿದೆ, ಉರಿಯಿತು. ಫ್ಯಾನು ಹಾಕಿದೆ, ಟಕ್ ಎಂದು ಆರ್‌ಸಿಸಿಬಿ ಬಿತ್ತು. ಎತ್ತಿ ಮತ್ತೆ ಹಾಕಿದರೆ ಮತ್ತೆ ಬಿತ್ತು. ಒಮ್ಮೆ ಮೊದಲನೆಯದು, ಒಮ್ಮೆ ಎರಡನೆಯದು. ಫ್ಯಾನೇ ಕೆಟ್ಟಿದೆ ಎಂದೆ ನಾನು. ಮಾಮ ಫ್ಯಾನು ಬಿಟ್ಟು ಬೆಡ್‌ರೂಮಿನಲ್ಲಿ ಪ್ಲಗ್ಗಿಗೆ ಇಸ್ತ್ರಿ ಪೆಟ್ಟಿಗೆ ಹಾಕಿದರು. ಆಗಲೂ ಬಿತ್ತು. ಆಮೇಲೆ ಅವರು ಮಾಡಿದ್ದನ್ನು ನೋಡಿ ನನಗೆ ಅರ್ಥವೇ ಆಗಲಿಲ್ಲ. ಮೊದಲ ಆರ್‌ಸಿಸಿಬಿಯನ್ನು ಆಫ್ ಮಾಡಿ ಇಟ್ಟು ಫ್ಯಾನು ಹಾಕಿಸಿದರು. ಫ್ಯಾನು ಚೆನ್ನಾಗಿ ತಿರುಗಿತು, ಏನೂ ಬೀಳಲಿಲ್ಲ. ಎರಡನೆಯದನ್ನು ಆಫ್ ಮಾಡಿ ಮೊದಲನೆಯದರಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿಸಿದರು. ಅದೂ ಸರಿ.

"ಒಂದೊಂದೇ ಇದ್ದರೆ ಸರಿ, ಎರಡೂ ಇದ್ದರೆ ಜಗಳ. ಎಲ್ಲೋ ಎರಡು ನ್ಯೂಟ್ರಲ್ ಸೇರಿಕೊಂಡಿವೆ" ಎಂದರು.

ಏಕೆ ಹೀಗಾಗುತ್ತದೆ? ಫ್ಯಾನಿನ ಫೇಸ್ ಬರುವುದು ಎರಡನೆಯ ಆರ್‌ಸಿಸಿಬಿಯಿಂದ. 75 ವ್ಯಾಟಿಗೆ ಸುಮಾರು 326 ಮಿಲಿಆಂಪಿಯರ್. ಎರಡು ನ್ಯೂಟ್ರಲ್ ಎಲ್ಲೋ ಒಂದಾಗಿದ್ದರೆ ವಾಪಸು ಹೋಗುವಾಗ ಕರೆಂಟಿಗೆ ಎರಡು ದಾರಿ. ಅರ್ಧರ್ಧ ಹಂಚಿಹೋಯಿತು ಎಂದುಕೊಳ್ಳಿ. ಎರಡನೆಯ ಆರ್‌ಸಿಸಿಬಿಯಿಂದ 326 ಹೋಗಿ 163 ಮಾತ್ರ ಮರಳಿತು. ಮೊದಲನೆಯದರಿಂದ ಏನೂ ಹೋಗದೆ 163 ಬಂತು. ಎರಡಕ್ಕೂ 163 ಮಿಲಿಆಂಪಿಯರಿನ ವ್ಯತ್ಯಾಸ ಕಾಣುತ್ತದೆ, 30ಕ್ಕಿಂತ ಎಷ್ಟೋ ಹೆಚ್ಚು. ಯಾವುದು ಒಂದು ಕೂದಲೆಳೆ ಬೇಗವೋ ಅದು ಮೊದಲು ಬೀಳುತ್ತದೆ. ಒಂದು ಸೆಕೆಂಡಿನ ಸಾವಿರದಲ್ಲಿ ಕೆಲವು ಭಾಗಗಳ ಅಂತರದಲ್ಲಿ ಎರಡೂ ಬೀಳಲೂಬಹುದು. ಭೂಮಿಗೆ ಒಂದು ಮಿಲಿಆಂಪಿಯರೂ ಸೋರಿಲ್ಲ.

ಒಂದನ್ನು ಆಫ್ ಮಾಡಿದಾಗ ಅದರ ನ್ಯೂಟ್ರಲ್ ಕೂಡ ಕಡಿಯುತ್ತದೆ. ಆಗ ಉಳಿದದ್ದು ಒಂದೇ ದಾರಿ, ಹೋದದ್ದೆಲ್ಲ ಅಲ್ಲೇ ಮರಳುತ್ತದೆ. ಹಾಗಾಗಿ ಎಲ್ಲ ಸರಿಯಿರುವಂತೆ ತೋರುತ್ತದೆ. ಎಲ್‌ಇಡಿಗೆ ಬೀಳದೇ ಇದ್ದದ್ದಕ್ಕೂ ಉತ್ತರ ಇಲ್ಲೇ ಇದೆ. 9 ವ್ಯಾಟಿನ ಬಲ್ಬಿಗೆ ಸುಮಾರು 39 ಮಿಲಿಆಂಪಿಯರ್, ಅದರರ್ಧ 20ರ ಆಸುಪಾಸು. 15 ಮತ್ತು 30ರ ನಡುವೆ ಸಿಕ್ಕಿಕೊಂಡದ್ದು. ಬಿದ್ದರೂ ಬಿದ್ದೀತು, ಇಲ್ಲದಿದ್ದರೂ ಇಲ್ಲ. ಅರ್ಧ ವ್ಯಾಟಿನ ನೈಟ್ ಲ್ಯಾಂಪ್ ಮಾತ್ರ ಹಾಕಿ ನೋಡಿದ್ದರೆ ಎಂದಿಗೂ ಬೀಳುತ್ತಿರಲಿಲ್ಲ, ನಾವು ಎಲ್ಲ ಸರಿಯಾಗಿದೆ ಎಂದು ಬಾಗಿಲು ಹಾಕಿಕೊಂಡು ಬರುತ್ತಿದ್ದೆವು.

ಇದಕ್ಕೆ ಹತ್ತಿರದ ಇನ್ನೊಂದು ತಪ್ಪಿದೆ. ನ್ಯೂಟ್ರಲುಗಳು ಸೇರಿರುವುದಿಲ್ಲ, ಒಂದು ಸರ್ಕ್ಯೂಟಿನ ನ್ಯೂಟ್ರಲ್ ಡಿಬಿಯಲ್ಲಿ ಪೂರ್ತಿ ಬೇರೆ ಲಿಂಕಿಗೆ ಹೋಗಿರುತ್ತದೆ. ಆಗ ಲಕ್ಷಣ ಬೇರೆ: ಒಂದು ಆರ್‌ಸಿಸಿಬಿ ಆಫ್ ಮಾಡಿದರೆ ಆ ಸರ್ಕ್ಯೂಟ್ ಉರಿಯುವುದೇ ಇಲ್ಲ, ಎರಡೂ ಆನ್ ಇದ್ದರೆ ಹಾಕಿದ ಕೂಡಲೇ ಬೀಳುತ್ತದೆ.

ಮೆಗ್ಗರ್ ಏಕೆ ಹಿಡಿಯಲಿಲ್ಲ ಎಂದು ಕೇಳಿದೆ. ಅದು ನೋಡಿದ್ದು ಅರ್ತಿಗೂ ಉಳಿದ ವೈರುಗಳಿಗೂ ನಡುವೆ. ನ್ಯೂಟ್ರಲ್ ನ್ಯೂಟ್ರಲಿಗೆ ತಾಗಿದ್ದರೆ ಅದಕ್ಕೆ ಕಾಣುವುದಿಲ್ಲ. ಇದಕ್ಕೆ ಮಲ್ಟಿಮೀಟರ್ ಸಾಕು. ಮೇನ್ ಆಫ್, ಎರಡೂ ಆರ್‌ಸಿಸಿಬಿ ಆಫ್, ಎಲ್ಲ ಎಂಸಿಬಿ ಆಫ್, ಪ್ಲಗ್ಗುಗಳೆಲ್ಲ ಹೊರಗೆ. ಸಪ್ಲೈ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೀಟರನ್ನು ಬೀಪ್ ಮಾಡುವ ಜಾಗಕ್ಕೆ ತಿರುಗಿಸಿ, ಒಂದು ಕಡ್ಡಿ ಮೊದಲ ನ್ಯೂಟ್ರಲ್ ಲಿಂಕಿಗೆ, ಇನ್ನೊಂದು ಎರಡನೆಯದಕ್ಕೆ. ಸದ್ದು ಬರಬಾರದು. ಬಂತು.

ಆಮೇಲೆ ಮಾಮ ಎರಡನೆಯ ಲಿಂಕಿನಿಂದ ನ್ಯೂಟ್ರಲ್ ವೈರುಗಳನ್ನು ಒಂದೊಂದಾಗಿ ಬಿಚ್ಚಿದರು. 8 ಬಿಚ್ಚಿದರು, ಸದ್ದು ನಿಲ್ಲಲಿಲ್ಲ. 7, ನಿಲ್ಲಲಿಲ್ಲ. 6, ನಿಲ್ಲಲಿಲ್ಲ. 5 ಬಿಚ್ಚಿದ ಕೂಡಲೇ ನಿಂತಿತು. ಮೊದಲ ಲಿಂಕಿನಲ್ಲೂ ಹಾಗೆಯೇ ನೋಡಿದರೆ ಸಿಕ್ಕಿದ್ದು 2. ಐದು ಎಂದರೆ ಹಾಲಿನ ಲೈಟು ಫ್ಯಾನು, ಎರಡು ಎಂದರೆ ಹಾಲಿನ ಪ್ಲಗ್ಗು. ಇವೆರಡೂ ಒಟ್ಟಿಗೆ ಬರುವ ಜಾಗ ಯಾವುದು? ಟಿವಿ ಹಿಂದಿನ ದೊಡ್ಡ ಸ್ವಿಚ್ ಬೋರ್ಡ್, ಫ್ಯಾನಿನ ಸ್ವಿಚ್ಚೂ ಟಿವಿಯ ಪ್ಲಗ್ಗೂ ಪಕ್ಕಪಕ್ಕದಲ್ಲಿರುವುದು. ಅದರ ಪ್ಲೇಟ್ ಬಿಚ್ಚುವ ಮೊದಲೇ ನನಗೆ ನೆನಪಾಯಿತು. ಅಲ್ಲಿ ಎರಡು ಕಪ್ಪು ವೈರು ನೇತಾಡುತ್ತಿದ್ದವು. ಎರಡೂ ಕಪ್ಪು, ಎರಡೂ ನ್ಯೂಟ್ರಲ್, ಒಟ್ಟಿಗೆ ತಿರುಚಿ ಒಂದೇ ಕನೆಕ್ಟರಿಗೆ ಹಾಕಿದ್ದೆ. ಅಚ್ಚುಕಟ್ಟಾಗಿದೆ ಎಂದೂ ಅನಿಸಿತ್ತು.

ಮಾಮ ಬೈಯಲಿಲ್ಲ. ಹಳೆಯ ಕಾಲದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ನ್ಯೂಟ್ರಲ್ ಒಂದೇ ಎಂದು ಬೋರ್ಡಿನಿಂದ ಬೋರ್ಡಿಗೆ ಲೂಪ್ ಹೊಡೆಯುತ್ತಿದ್ದರು ಎಂದರು. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಆದರೆ ಒಂದು ಸರ್ಕ್ಯೂಟ್ ಆಫ್ ಮಾಡಿ ಕೆಲಸ ಮಾಡುವವನು ಬಿಚ್ಚಿದ ನ್ಯೂಟ್ರಲಿನಲ್ಲಿ ಇನ್ನೊಂದು ಸರ್ಕ್ಯೂಟಿನ ಕರೆಂಟು ಇರಬಹುದು. ಆ ತುದಿ ಕೈಯಲ್ಲಿದ್ದರೆ ಶಾಕ್ ಹೊಡೆಯುತ್ತದೆ. ಆರ್‌ಸಿಸಿಬಿ ಬೀಳುತ್ತದೆ ಎಂದು ಅದನ್ನೇ ತೆಗೆದು ನೇರ ಕೊಟ್ಟವರನ್ನೂ ಅವರು ನೋಡಿದ್ದಾರೆ.

ವೈರುಗಳನ್ನು ಬೇರ್ಪಡಿಸಿ, ಎರಡು ಕನೆಕ್ಟರ್ ಹಾಕಿ, ಮತ್ತೆ ಮೀಟರ್ ಇಟ್ಟೆವು. ಸದ್ದಿಲ್ಲ. ಎರಡೂ ಆರ್‌ಸಿಸಿಬಿ ಎತ್ತಿ ಫ್ಯಾನು, ಇಸ್ತ್ರಿ ಪೆಟ್ಟಿಗೆ, ಗೀಸರ್ ಒಟ್ಟಿಗೆ ಹಾಕಿದೆವು. ಅರ್ಧ ಗಂಟೆ ಓಡಿಸಿ, ಮೇನ್ ಆಫ್ ಮಾಡಿ, ಮಾಮ ಪ್ರತಿ ಎಂಸಿಬಿಯ ಸ್ಕ್ರೂವನ್ನು ಇನ್ನೊಮ್ಮೆ ಬಿಗಿ ಮಾಡಿದರು. ಸಡಿಲ ಸ್ಕ್ರೂ ಮತ್ತೊಂದು ಕಳ್ಳ. ಅದು ಬಿಸಿಯಾಗುತ್ತದೆ, ಆದರೆ ಕರೆಂಟು ಹೆಚ್ಚಾಗುವುದಿಲ್ಲ, ಹಾಗಾಗಿ ಎಂಸಿಬಿಯೂ ಆರ್‌ಸಿಸಿಬಿಯೂ ಸಾಮಾನ್ಯವಾಗಿ ಅದನ್ನು ಹಿಡಿಯುವುದಿಲ್ಲ. ಟರ್ಮಿನಲಿನ ಹತ್ತಿರ ಇನ್ಸುಲೇಷನ್ ಕಂದಾಗಿದ್ದರೆ, ಅಥವಾ ಎಂಸಿಬಿಯ ಪ್ಲಾಸ್ಟಿಕ್ ಬಣ್ಣ ಕೆಟ್ಟಿದ್ದರೆ, ಅದೇ ಗುರುತು.

ಎಂಟು ಸರ್ಕ್ಯೂಟಿನ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಡಿಬಿಯ ಬಾಗಿಲಿನ ಒಳಗೆ ಅಂಟಿಸಿದೆ. ಟೆಸ್ಟ್ ಬಟನ್ ತೋರಿಸಿ, ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ನಮಗೆ ಫೋನ್ ಮಾಡಿ ಎಂದು ಮಾಮ ಮನೆಯ ಉಮ್ಮನಿಗೆ ಹೇಳಿದರು. ಅವರು ಅಲ್ಲೇ ಒಮ್ಮೆ ಒತ್ತಿ ನೋಡಿದರು, ಹಾಲಿನ ಫ್ಯಾನು ನಿಂತಿತು, ಅಡುಗೆಮನೆಯ ಲೈಟು ಉರಿಯುತ್ತಲೇ ಇತ್ತು. ಆ ಮನೆಯ ನಂತರ ನಾವು ಹಾಕಿದ ಪ್ರತಿ ಬೋರ್ಡಿನಲ್ಲೂ ಎರಡನೆಯ ಆರ್‌ಸಿಸಿಬಿಯ ಕಪ್ಪು ವೈರುಗಳ ತುದಿಗೆ ನಾನು ಬಿಳಿ ಟೇಪು ಸುತ್ತುತ್ತೇನೆ, ಡಿಬಿಯಲ್ಲೂ, ಸ್ವಿಚ್ ಬೋರ್ಡಿನಲ್ಲೂ.